ಹಿಡಿದುಕೊಂಡ ಬ್ರೇಕ್: ಜಾಮ್ ಆದ ಪಿನ್, ಒಳಗೆ ಹೋಗದ ಪಿಸ್ಟನ್

ಸಣ್ಣ ಕಾರುಗಳ ಮುಂದಿನ ಚಕ್ರದ ಡಿಸ್ಕ್ ಬ್ರೇಕಿನಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಪಿಸ್ಟನ್, ಅದೂ ಡಿಸ್ಕಿನ ಒಳಬದಿಯಲ್ಲಿ. ಆದರೂ ಡಿಸ್ಕನ್ನು ಎರಡು ಕಡೆಯಿಂದಲೂ ಪ್ಯಾಡುಗಳು ಅದುಮುತ್ತವೆ. ಪೆಡಲ್ ತುಳಿದಾಗ ಬ್ರೇಕ್ ಆಯಿಲಿನ ಒತ್ತಡಕ್ಕೆ ಪಿಸ್ಟನ್ ಹೊರಬಂದು ಒಳ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಡಿಸ್ಕ್ ಅಲುಗದ ಕಾರಣ ಅದೇ ಒತ್ತಡ ಕ್ಯಾಲಿಪರನ್ನು ಹಿಂದಕ್ಕೆ ತಳ್ಳುತ್ತದೆ. ಹಾಗೆ ಸರಿಯುವಾಗ ಕ್ಯಾಲಿಪರಿನ ಬೆರಳುಗಳಂತಹ ಭಾಗ ಹೊರ ಪ್ಯಾಡನ್ನೂ ಡಿಸ್ಕಿನತ್ತ ಎಳೆದು ತರುತ್ತದೆ. ಕ್ಯಾಲಿಪರ್ ಹೀಗೆ ಅತ್ತಿತ್ತ ಸರಿಯುವುದು ಎರಡು ಗೈಡ್ ಪಿನ್ನುಗಳ ಮೇಲೆ. ಅಚ್ಚಿನ ಭಾಗಕ್ಕೆ ಬಿಗಿದ ಬ್ರ್ಯಾಕೆಟ್ಟಿನ ರಂಧ್ರಗಳಲ್ಲಿ ಗ್ರೀಸ್ ಸವರಿಕೊಂಡು ಕೂತಿರುವ ಈ ಪಿನ್ನುಗಳ ಬಾಯಿಗೆ ರಬ್ಬರ್ ಬೂಟ್ ಮುಚ್ಚಿರುತ್ತದೆ.

ಪೆಡಲ್ ಬಿಟ್ಟಾಗ ಪಿಸ್ಟನ್ನನ್ನು ಹಿಂದಕ್ಕೆ ಎಳೆಯಲು ಇಲ್ಲಿ ಸ್ಪ್ರಿಂಗ್ ಇಲ್ಲ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಆ ಕೆಲಸ ಮಾಡುವುದು ಸಿಲಿಂಡರಿನ ಒಳಗೋಡೆಯ ಗಾಡಿಯಲ್ಲಿ ಕೂತ, ಚೌಕ ಅಡ್ಡಕೊಯ್ತದ ಒಂದು ರಬ್ಬರ್ ಸೀಲ್. ಪಿಸ್ಟನ್ ಮುಂದೆ ಹೋಗುವಾಗ ಸೀಲ್ ಅದರೊಂದಿಗೆ ತುಸು ಓರೆಯಾಗಿ ಬಾಗುತ್ತದೆ. ಒತ್ತಡ ಇಳಿದೊಡನೆ ನೆಟ್ಟಗಾಗುತ್ತ ಪಿಸ್ಟನ್ನನ್ನೂ ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಅಷ್ಟೇ ಸರಿತ ಸಾಕು, ಚಕ್ರ ಬಿಡುಬೀಸಾಗಿ ತಿರುಗುತ್ತದೆ. ಆದರೆ ಇಷ್ಟು ಅಲ್ಪ ಬಲ ತುಕ್ಕಿನ ಮುಂದೆ ನಿಲ್ಲುವುದಿಲ್ಲ. ಪಿನ್ನಿನಲ್ಲಾಗಲಿ ಪಿಸ್ಟನ್ನಿನಲ್ಲಾಗಲಿ ಸ್ವಲ್ಪ ತುಕ್ಕು ಕಂಡರೆ ಬ್ರೇಕ್ ಹಿಡಿದಲ್ಲೇ ಉಳಿಯುತ್ತದೆ.

ತುಕ್ಕು ಬರುವ ದಾರಿಗಳು ಎರಡು. ಬೂಟ್ ಹರಿದು ಅಥವಾ ಗಾಡಿಯಿಂದ ಜಾರಿ ಹೊರಗಿನ ನೀರು ಒಳಸೇರುವುದು ಒಂದು. ಬ್ರೇಕ್ ಆಯಿಲೇ ಗಾಳಿಯ ತೇವವನ್ನು ಹೀರಿಕೊಂಡು ಒಳಗಿನಿಂದ ತುಕ್ಕು ಹಿಡಿಸುವುದು ಇನ್ನೊಂದು. ಡಾಟ್ 3, ಡಾಟ್ 4 ಆಯಿಲುಗಳ ಸ್ವಭಾವವೇ ಅದು. ಕರಾವಳಿಯಲ್ಲಿ ಮಳೆಗಾಲ ಪೂರ್ತಿ ಒಂದೇ ಕಡೆ ನಿಂತ ಕಾರಿಗೆ ಎರಡೂ ಒಟ್ಟಿಗೆ ಬರುವುದುಂಟು. ಮೂರನೆಯ ಕಾರಣ ಮನುಷ್ಯನದೇ: ಪಿನ್ನಿಗೆ ಬೇರಿಂಗಿನ ಸಾದಾ ಗ್ರೀಸ್ ಹಾಕುವುದು. ಖನಿಜ ತೈಲದ ಗ್ರೀಸ್ ತಾಗಿದರೆ ಬೂಟ್ ಉಬ್ಬುತ್ತದೆ, ಕೆಲವು ಕಾರುಗಳಲ್ಲಿ ಪಿನ್ನಿನ ತುದಿಗಿರುವ ರಬ್ಬರ್ ಬುಷ್ ಕೂಡ ಉಬ್ಬುತ್ತದೆ. ಉಬ್ಬಿದ ಬುಷ್ ರಂಧ್ರದಲ್ಲಿ ಬಿರಡೆಯಂತೆ ಸಿಕ್ಕಿಕೊಳ್ಳುತ್ತದೆ.

ಇದನ್ನು ಗುರುತಿಸಲು ಒಂದು ನಿದರ್ಶನ ಸಾಕು. ಆರೇಳು ವರ್ಷ ಹಳೆಯ ಸಣ್ಣ ಹ್ಯಾಚ್‌ಬ್ಯಾಕೊಂದು ಬ್ರೇಕ್ ಹಾಕಿದಾಗ ಎಡಕ್ಕೆ ಎಳೆಯುತ್ತದೆ. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಎಡ ಮುಂಚಕ್ರದಿಂದ ಸುಟ್ಟ ವಾಸನೆ. ರಿಮ್ಮಿನ ಹತ್ತಿರ ಕೈ ಒಯ್ದರೆ ಬಲಗಡೆಗಿಂತ ಎಷ್ಟೋ ಹೆಚ್ಚು ಬಿಸಿ. ಚಕ್ರ ಬಿಚ್ಚಿ ನೋಡಿದರೆ ಹೊರ ಪ್ಯಾಡಿನಲ್ಲಿ 7 ಮಿಲಿಮೀಟರ್ ಉಳಿದಿದೆ, ಒಳ ಪ್ಯಾಡಿನಲ್ಲಿ ಬರೀ 2. ಕ್ಯಾಲಿಪರ್ ಸರಿದಿಲ್ಲ, ಪಿಸ್ಟನ್ ಕಡೆಯ ಪ್ಯಾಡ್ ಮಾತ್ರ ದುಡಿದಿದೆ ಎಂದರ್ಥ. ಸಂಶಯ ಮೊದಲು ಪಿನ್ನಿನ ಮೇಲೆ ಹೋಗಬೇಕು. ಪ್ಯಾಡ್ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳುವಾಗಿ ಓರೆಯಾಗಿ ಸವೆದಿದ್ದರೆ ಎರಡರಲ್ಲಿ ಒಂದೇ ಪಿನ್ ಹಿಡಿದಿರಬಹುದು. ಎರಡೂ ಪ್ಯಾಡುಗಳು ಒಂದೇ ಸಮನಾಗಿ, ಆದರೆ ಬಲ ಚಕ್ರದ ಪ್ಯಾಡುಗಳಿಗಿಂತ ಬಹಳ ಬೇಗ ಸವೆದಿದ್ದರೆ ಪಿನ್ ಸರಿಯಿದ್ದು ಪಿಸ್ಟನ್ ಹಿಂದಕ್ಕೆ ಬರುತ್ತಿಲ್ಲ. ಇವೆಲ್ಲ ಸುಳಿವು ಮಾತ್ರ, ತೀರ್ಪಲ್ಲ.

ಬಿಚ್ಚುವ ಮೊದಲು ಮಾಡಬೇಕಾದ ಒಂದು ಪರೀಕ್ಷೆಯಿದೆ, ಗಡಿಬಿಡಿಯಲ್ಲಿ ಅದನ್ನು ಬಿಟ್ಟುಬಿಡುವವರೇ ಹೆಚ್ಚು. ಹಿಂಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಕಾರನ್ನು ಜಾಕಿನಿಂದ ಎತ್ತಿ, ಜಾಕ್ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಪೆಡಲ್ ತುಳಿದು ಬಿಟ್ಟು ಚಕ್ರ ತಿರುಗಿಸಿದಾಗ ಅದು ಬಿಗಿಯಾಗಿದ್ದರೆ ಕ್ಯಾಲಿಪರಿನ ಬ್ಲೀಡರ್ ನಿಪ್ಪಲನ್ನು ತುಸು ಸಡಿಲಿಸಬೇಕು. ಆಯಿಲ್ ಚಿಮ್ಮಿ ಚಕ್ರ ಕೂಡಲೇ ಹಗುರಾದರೆ ಪಿನ್ನೂ ಪಿಸ್ಟನ್ನೂ ನಿರಪರಾಧಿಗಳು. ಒತ್ತಡ ಎಲ್ಲೋ ಸಿಕ್ಕಿಕೊಂಡಿದೆ. ಸಾಮಾನ್ಯವಾಗಿ ಅದು ರಬ್ಬರ್ ಹೋಸ್: ಹೊರಗೆ ಚೆನ್ನಾಗಿ ಕಂಡರೂ ಒಳಪದರ ಊದಿ ಆಯಿಲಿನ ಹಿಂದಾರಿಯನ್ನು ಮುಚ್ಚಿರುತ್ತದೆ. ನಿಪ್ಪಲ್ ತೆರೆದರೂ ಚಕ್ರ ಬಿಗಿಯಾಗಿಯೇ ಉಳಿದರೆ ಮಾತ್ರ ತೊಂದರೆ ಪಿನ್ನಿನಲ್ಲಿ ಅಥವಾ ಪಿಸ್ಟನ್ನಿನಲ್ಲಿದೆ. ಈ ಒಂದು ನಿಮಿಷದ ಪರೀಕ್ಷೆ ಮಾಡದೆ ಹೊಸ ಕ್ಯಾಲಿಪರ್ ಹಾಕಿಸಿಕೊಂಡು, ಅದೇ ಬಿಸಿ ಚಕ್ರದೊಂದಿಗೆ ವರ್ಕ್‌ಶಾಪಿಗೆ ಮರಳಿದ ಕಾರುಗಳು ಬೇಕಾದಷ್ಟಿವೆ.

ನಿದರ್ಶನದ ಕಾರಿನಲ್ಲಿ ನಿಪ್ಪಲ್ ತೆರೆದರೂ ಚಕ್ರ ಬಿಡಲಿಲ್ಲ ಎಂದಿಟ್ಟುಕೊಳ್ಳೋಣ. ಕ್ಯಾಲಿಪರಿನ ಹಿಂದಿನ ಎರಡು ಬೋಲ್ಟುಗಳನ್ನು ಬಿಚ್ಚುವಾಗ ಪಿನ್ ಕೂಡ ಜೊತೆಗೆ ತಿರುಗದಂತೆ ಅದರ ಚಪ್ಪಟೆ ತಲೆಯನ್ನು ತೆಳುವಾದ ಇನ್ನೊಂದು ಸ್ಪ್ಯಾನರಿನಿಂದ ಹಿಡಿದಿರಬೇಕು. ಬಿಚ್ಚಿದ ಕ್ಯಾಲಿಪರನ್ನು ಹೋಸಿನ ಮೇಲೆ ತೂಗಬಿಡದೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಬೇಕು. ಈಗ ಪಿನ್ನುಗಳನ್ನು ಕೈಯಿಂದ ಎಳೆದರೆ ಮೇಲಿನದು ಸರಾಗವಾಗಿ ಬರುತ್ತದೆ, ಕೆಳಗಿನದು ಅಲುಗುವುದೇ ಇಲ್ಲ.

ಹಿಡಿದ ಪಿನ್ನನ್ನು ಮೊದಲೇ ಎಳೆಯಲು ಹೋಗಬಾರದು, ತಿರುಗಿಸಬೇಕು. ಬೂಟ್ ಸರಿಸಿ, ಪಿನ್ ಮತ್ತು ರಂಧ್ರದ ನಡುವಿನ ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಅರ್ಧ ಗಂಟೆ ಬಿಡಬೇಕು. ಬಳಿಕ ತಲೆಗೆ ಸ್ಪ್ಯಾನರ್ ಹಾಕಿ ಸ್ವಲ್ಪ ಬಲಕ್ಕೆ, ಸ್ವಲ್ಪ ಎಡಕ್ಕೆ ಆಡಿಸುತ್ತಿದ್ದರೆ ತುಕ್ಕು ಪುಡಿಯಾಗಿ ಹಿಡಿತ ಸಡಿಲವಾಗುತ್ತದೆ. ಸುತ್ತು ಪೂರ್ತಿ ತಿರುಗತೊಡಗಿದ ಮೇಲೆ ತಿರುಗಿಸುತ್ತಲೇ ಹೊರಗೆಳೆಯಬೇಕು. ಅಷ್ಟಕ್ಕೂ ಬಗ್ಗದಿದ್ದರೆ ಬ್ರ್ಯಾಕೆಟ್ಟನ್ನೇ ಬಿಚ್ಚಿ ವೈಸಿಗೆ ಕಟ್ಟಿದರೆ ಕೆಲಸ ಸುಲಭ. ಬೂಟುಗಳನ್ನು ತೆಗೆದು, ಪಿನ್ನನ್ನಲ್ಲ, ಅದರ ಸುತ್ತಲಿನ ಬ್ರ್ಯಾಕೆಟ್ಟನ್ನು ಗ್ಯಾಸ್ ಟಾರ್ಚಿನಿಂದ ಕಾಯಿಸಬೇಕು. ಹೊರಗಿನ ಲೋಹ ಹಿಗ್ಗಿದಾಗ ರಂಧ್ರ ತುಸು ದೊಡ್ಡದಾಗುತ್ತದೆ. ಕಾಯಿಸುವ ಮೊದಲು ಲೋಹದ ಮೇಲೆ ಎಣ್ಣೆಯಾಗಲಿ ಬ್ರೇಕ್ ಕ್ಲೀನರ್ ಸ್ಪ್ರೇಯಾಗಲಿ ಉಳಿದಿರಬಾರದು. ಕ್ಲೋರಿನ್ ಇರುವ ಕ್ಲೀನರುಗಳು ಉರಿಗೆ ಸಿಕ್ಕರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ, ಇದು ಉತ್ಪ್ರೇಕ್ಷೆಯಲ್ಲ.

ಪಿನ್ ಹೊರಬಂದ ಮೇಲೆ ಅದರ ಮೈ ನೋಡಬೇಕು. ಬೆರಳಿಗೆ ಗುಳಿಗಳು ತಾಗಿದರೆ ಹೊಸದನ್ನೇ ಹಾಕುವುದು ಲೇಸು; ಎಮರಿ ಪೇಪರಿನಿಂದ ತಿಕ್ಕಿದ ಪಿನ್ ತೆಳುವಾಗಿ ರಂಧ್ರದಲ್ಲಿ ಗಡಗಡ ಎನ್ನುತ್ತದೆ. ರಂಧ್ರವನ್ನು ದುಂಡಗಿನ ವೈರ್ ಬ್ರಷ್ಷಿನಿಂದ ಉಜ್ಜಿ, ತಳದಲ್ಲಿ ಕೂತ ಹಳೆ ಗ್ರೀಸನ್ನೆಲ್ಲ ಒರೆಸಿ ತೆಗೆಯಬೇಕು. ಅನಂತರ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸನ್ನು ಪಿನ್ನಿಗೆ ತೆಳುವಾಗಿ ಸವರಬೇಕು. ಹೆಚ್ಚು ತುಂಬಿದರೆ ಲಾಭವಿಲ್ಲ: ರಂಧ್ರದ ತಳ ಮುಚ್ಚಿರುವುದರಿಂದ ಗ್ರೀಸೂ ಗಾಳಿಯೂ ಹೊರಹೋಗಲು ದಾರಿ ಕಾಣದೆ ಪಿನ್ನನ್ನು ಹಿಂದಕ್ಕೆ ನೂಕುತ್ತವೆ. ಮೇಲಿನ ಪಿನ್ನೂ ಕೆಳಗಿನ ಪಿನ್ನೂ ಒಂದೇ ತರಹದವಲ್ಲದಿದ್ದರೆ, ರಬ್ಬರ್ ಬುಷ್ ಇರುವುದು ತನ್ನ ಜಾಗಕ್ಕೇ ಮರಳಬೇಕು. ಬೂಟಿನ ಎರಡೂ ಅಂಚುಗಳು ಗಾಡಿಯಲ್ಲಿ ಸರಿಯಾಗಿ ಕೂರದಿದ್ದರೆ ಮುಂದಿನ ಮಳೆಗೆ ಇದೇ ಕೆಲಸ ಮತ್ತೆ.

ಈಗ ಪಿಸ್ಟನ್. ಹೊಸ ಪ್ಯಾಡುಗಳ ದಪ್ಪಕ್ಕೆ ಜಾಗ ಮಾಡಲು ಅದನ್ನು ಪೂರ್ತಿ ಒಳಗೆ ತಳ್ಳಬೇಕು. ನಿಪ್ಪಲಿಗೆ ಸಣ್ಣ ಪಾರದರ್ಶಕ ಕೊಳವೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿಡಬೇಕು. ಪಿಸ್ಟನ್ನಿನ ಮೇಲೆ ಹಳೆ ಪ್ಯಾಡನ್ನಿಟ್ಟು ಸಿ-ಕ್ಲ್ಯಾಂಪ್ ಹಾಕಿ, ನಿಪ್ಪಲ್ ತೆರೆದು, ನಿಧಾನವಾಗಿ ಬಿಗಿಸಬೇಕು. ಕ್ಲ್ಯಾಂಪ್ ಸಡಿಲಿಸುವ ಮೊದಲೇ ನಿಪ್ಪಲ್ ಮುಚ್ಚಬೇಕು. ಸಿಲಿಂಡರಿನಲ್ಲಿದ್ದ ಕೊಳೆ ಆಯಿಲ್ ಹೀಗೆ ಬಾಟಲಿಗೆ ಬೀಳುತ್ತದೆ, ಹಿಂದಕ್ಕೆ ಎಬಿಎಸ್ ಘಟಕದತ್ತ ಹೋಗುವುದಿಲ್ಲ. ಸರಿಯಾದ ಪಿಸ್ಟನ್ ಹದವಾದ ಬಲಕ್ಕೆ ಒಂದೇ ಸಮನೆ ಜಾರುತ್ತದೆ. ಇದು ಮುಂಚಕ್ರದ ಮಾತು. ಹ್ಯಾಂಡ್ ಬ್ರೇಕ್ ಸೇರಿರುವ ಹಿಂದಿನ ಕ್ಯಾಲಿಪರುಗಳಲ್ಲಿ ಪಿಸ್ಟನ್ನನ್ನು ಅನೇಕ ಬಾರಿ ತಿರುಗಿಸುತ್ತ ಒಳಗೆ ಒಯ್ಯಬೇಕಾಗುತ್ತದೆ, ಬರೀ ಒತ್ತಿದರೆ ಒಳಗಿನ ಯಂತ್ರ ಮುರಿಯುತ್ತದೆ. ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಮೊದಲು ಅದನ್ನು ಸರ್ವಿಸ್ ಸ್ಥಿತಿಗೆ ತರಬೇಕು.

ನಿಪ್ಪಲ್ ತೆರೆದಿದ್ದರೂ ಪಿಸ್ಟನ್ ಅಲುಗದೆ ಕ್ಲ್ಯಾಂಪ್ ಬಾಗತೊಡಗಿದರೆ ಅಲ್ಲಿಗೆ ನಿಲ್ಲಿಸಬೇಕು. ಒಳಗೆ ಹೋಗದ ಪಿಸ್ಟನ್ನನ್ನು ಒಳಗೆ ತಳ್ಳುವುದಲ್ಲ, ಹೊರಗೆ ತೆಗೆಯುವುದೇ ಉಪಾಯ. ಬೂಟಿನ ಕೆಳಗೆ ಹೊರಚಾಚಿದ್ದ ಭಾಗದ ಮೇಲೆ ತುಕ್ಕು ಕೂತಿರುತ್ತದೆ. ಬಲದಿಂದ ತಳ್ಳಿದರೆ ಅದು ಸೀಲನ್ನು ಕೆರೆದುಕೊಂಡು ಒಳಸೇರುತ್ತದೆ, ಆಮೇಲೆ ಆಯಿಲ್ ಸೋರುತ್ತದೆ. ಹೊರತೆಗೆಯಲು ಕಾರಿನ ಬ್ರೇಕ್ ಪೆಡಲೇ ಅತ್ಯುತ್ತಮ ಸಾಧನ. ಹೋಸ್ ಜೋಡಿಸಿಕೊಂಡಿರುವಾಗಲೇ, ನಿಪ್ಪಲ್ ಮುಚ್ಚಿ, ಪಿಸ್ಟನ್ನಿನ ಎದುರಿಗೆ ಮರದ ತುಂಡಿಟ್ಟು, ಒಬ್ಬರು ಪೆಡಲನ್ನು ನಿಧಾನವಾಗಿ ತುಳಿಯುತ್ತ ಹೋಗಬೇಕು. ಏರ್ ಕಂಪ್ರೆಸರಿನ ಗಾಳಿಯನ್ನು ಇದಕ್ಕೆ ಬಳಸುವುದು ವರ್ಕ್‌ಶಾಪುಗಳಲ್ಲಿ ಸಾಮಾನ್ಯ, ಆದರೆ ಹಿಡಿದ ಪಿಸ್ಟನ್ ಒಮ್ಮೆಲೇ ಬಿಟ್ಟು ಗುಂಡಿನಂತೆ ಸಿಡಿಯುವುದರಿಂದ ಬೆರಳು ಜಜ್ಜಿಹೋಗುವ ಅಪಾಯವಿದೆ.

ಹೊರಬಂದ ಪಿಸ್ಟನ್ನಿನ ಮೇಲ್ಮೈ ಕನ್ನಡಿಯಂತಿರಬೇಕು, ಏಕೆಂದರೆ ಸೀಲ್ ಉಜ್ಜುವುದು ಅದರ ಮೇಲೆಯೇ. ಕ್ರೋಮ್ ಲೇಪ ಎದ್ದಿದ್ದರೆ ಪಾಲಿಶ್ ಮಾಡಿ ಪ್ರಯೋಜನವಿಲ್ಲ, ಹೊಸ ಪಿಸ್ಟನ್ ಬೇಕು. ಸಿಲಿಂಡರಿನ ಗೋಡೆಯ ಚಿಕ್ಕ ಕಲೆಗಳಿಗೆ ಹೆದರಬೇಕಿಲ್ಲ. ಸೀಲ್ ಕೂರುವ ಗಾಡಿಯಲ್ಲಿ ತುಕ್ಕು ಗಟ್ಟಿಯಾಗಿದ್ದರೆ ಮಾತ್ರ ಸೀಲನ್ನು ಅದು ಪಿಸ್ಟನ್ನಿನತ್ತ ಒತ್ತಿ ಬಿಗಿ ಮಾಡುತ್ತದೆ, ಅದನ್ನು ಪೂರ್ತಿ ಕೆರೆದು ತೆಗೆಯಬೇಕು. ಗಾಡಿಯೇ ತಿಂದುಹೋಗಿದ್ದರೆ ಹೊಸ ಕ್ಯಾಲಿಪರ್ ಹಾಕುವುದೊಂದೇ ದಾರಿ. ಪೆಟ್ರೋಲ್, ಸೀಮೆಎಣ್ಣೆಯಿಂದ ತೊಳೆಯಬಾರದು, ರಬ್ಬರ್ ಕೆಡುತ್ತದೆ. ಸೀಲ್ ಕಿಟ್ಟಿನ ಹೊಸ ಸೀಲನ್ನೂ ಪಿಸ್ಟನ್ನನ್ನೂ ಹೊಸ ಬ್ರೇಕ್ ಆಯಿಲಿನಲ್ಲಿ ನೆನೆಸಿ, ಪಿಸ್ಟನ್ನನ್ನು ನೆಟ್ಟಗೆ ಹಿಡಿದು ಹೆಬ್ಬೆರಳುಗಳಿಂದ ಒತ್ತಬೇಕು. ಎರಡು ಕೈಯ ಬಲಕ್ಕೆ ಒಳಗೆ ಹೋಗದಿದ್ದರೆ ಓರೆಯಾಗಿದೆ ಅಥವಾ ಗಾಡಿಯಲ್ಲಿ ಇನ್ನೂ ಕೊಳೆ ಉಳಿದಿದೆ.

ಮರುಜೋಡಣೆಯಲ್ಲಿ ಬೋಲ್ಟುಗಳ ಬಿಗಿತವನ್ನು ಆಯಾ ಕಾರಿನ ಸರ್ವಿಸ್ ಪುಸ್ತಕ ಹೇಳಿದಂತೆ ಟಾರ್ಕ್ ಸ್ಪ್ಯಾನರಿನಿಂದ ಕೊಡಬೇಕು. ಪಿನ್ನಿನ ಬೋಲ್ಟುಗಳಿಗೆ ಬೇಕಾದ ಬಿಗಿತ ಬ್ರ್ಯಾಕೆಟ್ ಬೋಲ್ಟುಗಳದ್ದಕ್ಕಿಂತ ಬಹಳ ಕಡಿಮೆ, ಹೆಚ್ಚಾದರೆ ಎಳೆ ಕಿತ್ತುಬರುತ್ತದೆ. ಪ್ಯಾಡುಗಳನ್ನು ಎಡ ಬಲ ಎರಡೂ ಚಕ್ರಗಳಿಗೆ ಒಟ್ಟಿಗೆ ಬದಲಿಸಬೇಕು, ಇಲ್ಲವಾದರೆ ಕಾರು ಎಳೆಯುವುದು ನಿಲ್ಲದು. ಪಿಸ್ಟನ್ ಹೊರತೆಗೆದಿದ್ದರೆ ಲೈನಿನಿಂದ ಗಾಳಿ ತೆಗೆದು ಹೊಸ ಆಯಿಲ್ ತುಂಬಬೇಕು. ಮುಖ್ಯವಾದದ್ದೊಂದು ಉಳಿಯಿತು: ಒಳಗೆ ತಳ್ಳಿದ ಪಿಸ್ಟನ್ನಿಗೂ ಪ್ಯಾಡಿಗೂ ನಡುವೆ ಅಂತರವಿರುತ್ತದೆ, ಮೊದಲ ತುಳಿತಕ್ಕೆ ಪೆಡಲ್ ನೆಲಕ್ಕೇ ಇಳಿಯುತ್ತದೆ. ಕಾರು ಅಲುಗಿಸುವ ಮೊದಲೇ, ಎಂಜಿನ್ ನಿಲ್ಲಿಸಿ, ಪೆಡಲ್ ಗಟ್ಟಿಯಾಗುವವರೆಗೂ ಹಲವು ಬಾರಿ ತುಳಿದು ಆಯಿಲ್ ಮಟ್ಟ ನೋಡಬೇಕು. ಆಮೇಲೆ ಚಕ್ರವನ್ನು ಕೈಯಿಂದ ತಿರುಗಿಸಿದಾಗ ಪ್ಯಾಡಿನ ತೆಳು ಸವರುವ ಸದ್ದು ಬಂದರೂ ಚಕ್ರ ಹಗುರವಾಗಿ ತಿರುಗಬೇಕು. ಹತ್ತು ಕಿಲೋಮೀಟರ್ ನಿಧಾನವಾಗಿ ಓಡಿಸಿ ಬಂದು ಎರಡೂ ಮುಂಚಕ್ರಗಳ ಬಿಸಿಯನ್ನು ಹೋಲಿಸಿದಾಗ ಅವೆರಡೂ ಹೆಚ್ಚುಕಡಿಮೆ ಸಮನಾಗಿದ್ದರೆ ಪಿನ್ನೂ ಪಿಸ್ಟನ್ನೂ ಸರಿಯಾಗಿ ಸರಿಯುತ್ತಿವೆ.