ಕೆಂಪು ಮಾಯವಾದ ಬಾವುಟ

ಅಕ್ಟೋಬರ್ ಕೊನೆಯ ವಾರ. ತಾಲ್ಲೂಕು ಕಚೇರಿ ಎದುರಿನ ಝೆರಾಕ್ಸ್ ಅಂಗಡಿಗೆ ರಾಜ್ಯೋತ್ಸವದ ಕರಪತ್ರ ಹೊಡೆಸಲು ಬಡಾವಣೆಯ ಯುವಕ ಸಂಘದವರು ಬಂದಿದ್ದರು. ಇಂಕ್ ಟ್ಯಾಂಕ್ ಪ್ರಿಂಟರ್‌ನಿಂದ ಮೊದಲ ಹಾಳೆ ಹೊರಬಂತು. ಅಕ್ಷರಗಳು ಕಪ್ಪಗೆ ಚೊಕ್ಕವಾಗಿ ಮೂಡಿದ್ದವು. ಬಾವುಟ ಮಾತ್ರ ಮೇಲಿನಿಂದ ಕೆಳಗಿನವರೆಗೂ ಹಳದಿ.

‘ಏನ್ ಸಾರ್ ಇದು, ಅರಿಶಿನದ ಬಟ್ಟೆ ಆಗೋಯ್ತಲ್ಲ?’ ಎಂದರು ಬಂದವರು. ಅಂಗಡಿಯ ಹುಡುಗ ಆಗಲೇ ಕಂಪ್ಯೂಟರಿನಲ್ಲಿ Head Cleaning ಒತ್ತಿದ್ದ. ‘ಬ್ಲಾಕ್ ಆಗಿರ್ಬೇಕು ಅಣ್ಣ, ಎರಡು ಸಲ ಕ್ಲೀನ್ ಮಾಡಿದ್ರೆ ಬರುತ್ತೆ.’ ಎರಡು ಸಲ ಆರು ಸಲವಾಯಿತು. ಬಾವುಟ ಹಳದಿಯಾಗಿಯೇ ಉಳಿಯಿತು.

ಕೆಂಪು ಬಣ್ಣ ಹೋದರೆ ಹಳದಿ ಏಕೆ ಉಳಿಯುತ್ತದೆ? ಪ್ರಿಂಟರ್‌ನಲ್ಲಿ ಕೆಂಪು ಎಂಬ ಇಂಕೇ ಇಲ್ಲ. ಮನೆ, ಅಂಗಡಿಗಳ ಸಾಮಾನ್ಯ ಇಂಕ್‌ಜೆಟ್‌ನಲ್ಲಿರುವುದು ಕಪ್ಪು, ತಿಳಿನೀಲಿಯ ಸಯಾನ್, ಗಾಢ ಗುಲಾಬಿಯ ಮಜೆಂಟಾ ಮತ್ತು ಹಳದಿ, ಹೀಗೆ ನಾಲ್ಕೇ. ಮಜೆಂಟಾದ ಮೇಲೆ ಹಳದಿ ಬಿದ್ದಾಗ ಕಣ್ಣಿಗೆ ಕೆಂಪು. ಮಜೆಂಟಾ ನಿಂತರೆ ಕನ್ನಡ ಬಾವುಟದ ಕೆಳಗಿನ ಅರ್ಧವೂ ಹಳದಿಯೇ. ಹಳದಿ ನಿಂತರೆ ಮೇಲಿನ ಅರ್ಧ ಬಿಳಿ ಕಾಗದವಾಗಿಯೇ ಉಳಿದು ಕೆಳಗೆ ಗುಲಾಬಿ ಮೂಡುತ್ತದೆ. ಸಯಾನ್ ನಿಂತರೆ ಈ ಬಾವುಟಕ್ಕೆ ಏನೂ ಆಗದು. ಆದರೆ ಅದೇ ಕರಪತ್ರದ ಮೇಲಿನ ಹಸಿರು ತೋರಣ ಹಳದಿಯಾಗಿ ಗುಟ್ಟು ಬಿಟ್ಟುಕೊಡುತ್ತದೆ. ಅಂದರೆ ಯಾವ ಬಣ್ಣ ಕೈಕೊಟ್ಟಿದೆ ಎಂಬುದನ್ನು ಕೆಟ್ಟ ಹಾಳೆಯೇ ಹೇಳುತ್ತದೆ. ಏಕೆ ಕೈಕೊಟ್ಟಿದೆ ಎಂಬುದನ್ನು ಹೇಳುವುದು ಇನ್ನೊಂದು ಹಾಳೆ. ಹುಡುಗ ಅದನ್ನು ತೆಗೆದೇ ಇರಲಿಲ್ಲ.

ಆ ಹಾಳೆಯ ಹೆಸರು ನಾಝಲ್ ಚೆಕ್. ಪ್ರಿಂಟರ್ ಸೆಟ್ಟಿಂಗ್‌ನ Maintenance ಪುಟದಲ್ಲಿ Nozzle Check ಒತ್ತಿದರೆ ನಾಲ್ಕು ಬಣ್ಣಗಳಲ್ಲಿ ಮೆಟ್ಟಿಲು ಮೆಟ್ಟಿಲಾದ ಸಣ್ಣ ಗೆರೆಗಳು ಅಚ್ಚಾಗುತ್ತವೆ. ಇದಕ್ಕೆ ಖರ್ಚಾಗುವ ಇಂಕು ತೀರಾ ಕಡಿಮೆ. ಒಂದೊಂದು ಗೆರೆಯ ಹಿಂದೆಯೂ ಪ್ರಿಂಟ್ ಹೆಡ್‌ನ ತಳದಲ್ಲಿರುವ ಒಂದೊಂದು ರಂಧ್ರವಿರುತ್ತದೆ. ರಂಧ್ರದ ಅಗಲ ಸುಮಾರು 20 ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ಸಣ್ಣದು. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣಸಿಗುವ ಎಪ್ಸನ್ L3110 ಮಾದರಿಯನ್ನೇ ತೆಗೆದುಕೊಂಡರೆ ಕಪ್ಪಿಗೆ 180 ರಂಧ್ರಗಳು, ಉಳಿದ ಮೂರು ಬಣ್ಣಗಳಿಗೆ ತಲಾ 59. ಹಳದಿ ಗೆರೆಗಳು ಬಿಳಿ ಕಾಗದದ ಮೇಲೆ ಕಣ್ಣಿಗೆ ಸಿಗುವುದೇ ಕಷ್ಟ. ನೀಲಿ ಜಿಲೆಟಿನ್ ಹಾಳೆಯ ಮೂಲಕ ನೋಡಿದರೆ ಅವು ಕಪ್ಪಗೆ ಎದ್ದು ಕಾಣುತ್ತವೆ.

ಈಗ ಓದುವ ಬಗೆ. ಎಲ್ಲ ಬಣ್ಣದ ಗೆರೆಗಳೂ ಸರಿಯಾಗಿದ್ದು ಮುದ್ರಣ ಮಾತ್ರ ಬರೀ ಕಪ್ಪು ಬರುತ್ತಿದ್ದರೆ ಪ್ರಿಂಟರ್‌ಗೆ ಯಾವ ರೋಗವೂ ಇಲ್ಲ. ಯಾರೋ Grayscale ಮೇಲೆ ಟಿಕ್ ಹಾಕಿ ಮರೆತಿರುತ್ತಾರೆ, ಅಥವಾ ಕಾಪಿ ತೆಗೆಯುವಾಗ ಬಣ್ಣದ ಗುಂಡಿಯ ಬದಲು ಪಕ್ಕದ ಕಪ್ಪು ಗುಂಡಿ ಒತ್ತಿರುತ್ತಾರೆ. ಮೂರು ಬಣ್ಣಗಳೂ ಒಂದೇ ದಿನ ಒಟ್ಟಿಗೆ ಕಟ್ಟಿಕೊಳ್ಳುವುದು ಅಪರೂಪ. ಆದ್ದರಿಂದ ‘ಬರೀ ಕಪ್ಪು ಬರ್ತಿದೆ’ ಎಂಬ ದೂರು ಬಂದಾಗ ಅನುಭವಸ್ಥ ರಿಪೇರಿಯವರು ಮೊದಲು ನೋಡುವುದು ಕಂಪ್ಯೂಟರ್ ಸೆಟ್ಟಿಂಗನ್ನು, ಆಮೇಲೆ ಪ್ರಿಂಟರನ್ನು. ಮೂರೂ ಬಣ್ಣ ಒಂದೇ ಡಬ್ಬಿಯಲ್ಲಿರುವ ಕಾರ್ಟ್ರಿಡ್ಜ್ ಪ್ರಿಂಟರ್‌ನ ಕಥೆ ಬೇರೆ. ಅಲ್ಲಿ ಆ ಒಂದು ಡಬ್ಬಿ ಕೆಟ್ಟರೆ ಮೂರೂ ಒಟ್ಟಿಗೇ ಹೋಗುತ್ತವೆ.

ಒಂದು ಬಣ್ಣದಲ್ಲಿ ಅಲ್ಲೊಂದು ಇಲ್ಲೊಂದು ಗೆರೆ ಇಲ್ಲ, ಮತ್ತೆ ಹಾಳೆ ತೆಗೆದರೂ ಅದೇ ಜಾಗದಲ್ಲಿ ಅದೇ ಗೆರೆಗಳು ಇಲ್ಲ ಎಂದಾದರೆ ಅದು ನಿಜವಾದ ಕಟ್ಟಿಕೊಳ್ಳುವಿಕೆ. ಇಂಕು ಒಣಗಿ ರಂಧ್ರದ ಬಾಯಿ ಮುಚ್ಚಿದೆ. ವಾರಗಟ್ಟಲೆ ಮುದ್ರಿಸದೆ ಬಿಟ್ಟ ಮನೆಯ ಪ್ರಿಂಟರ್‌ಗಳಲ್ಲಿ ಇದು ಹೆಚ್ಚು. ಇನ್ನೊಂದು ಕಾರಣ ನಮ್ಮ ಅಭ್ಯಾಸದ್ದೇ. ಕೆಲಸ ಮುಗಿದ ಮೇಲೆ ಹೆಡ್ ಬಲತುದಿಗೆ ಸರಿದು ರಬ್ಬರಿನ ಮುಚ್ಚಳದ ಮೇಲೆ ಕೂರಬೇಕು. ರಂಧ್ರಗಳು ಒಣಗದಂತೆ ಕಾಯುವುದು ಆ ಮುಚ್ಚಳ. ಪ್ರಿಂಟರ್‌ನ ಸ್ವಂತ ಗುಂಡಿ ಒತ್ತಿ ಆರಿಸಿದರೆ ಹೆಡ್ ತನ್ನ ಜಾಗಕ್ಕೆ ಹೋಗಿ ಕೂತು ಆಮೇಲೆ ಯಂತ್ರ ನಿಲ್ಲುತ್ತದೆ. ಅಂಗಡಿ ಮುಚ್ಚುವ ಅವಸರದಲ್ಲಿ ಗೋಡೆಯ ಮೇನ್ ಸ್ವಿಚ್ಚನ್ನೇ ಆರಿಸಿದರೆ, ಇಲ್ಲವೇ ಮುದ್ರಣದ ನಡುವೆ ಕರೆಂಟ್ ಹೋದರೆ, ಹೆಡ್ ದಾರಿಯ ಮಧ್ಯದಲ್ಲೇ ಬಾಯ್ತೆರೆದು ನಿಲ್ಲುತ್ತದೆ. ಇಂಥ ಕಟ್ಟುವಿಕೆಗೆ ಹೆಡ್ ಕ್ಲೀನಿಂಗ್ ಸರಿಯಾದ ಮದ್ದು. ಒಂದು ಸಲ ಕ್ಲೀನಿಂಗ್, ಕೂಡಲೇ ನಾಝಲ್ ಚೆಕ್, ಗೆರೆಗಳು ಮರಳುತ್ತಿದ್ದರೆ ಇನ್ನೊಂದು ಸಲ.

ಆ ಕ್ಲೀನಿಂಗ್ ಒಳಗೆ ಮಾಡುವುದೇನು ಎಂದು ತಿಳಿದರೆ ಹುಡುಗನ ತಪ್ಪು ಅರ್ಥವಾಗುತ್ತದೆ. ಅದು ತೊಳೆಯುವ ಕೆಲಸವಲ್ಲ, ಹೀರುವ ಕೆಲಸ. ರಬ್ಬರ್ ಮುಚ್ಚಳ ಹೆಡ್‌ನ ತಳಕ್ಕೆ ಅಂಟಿಕೊಳ್ಳುತ್ತದೆ, ಸಣ್ಣ ಪಂಪೊಂದು ಕೆಳಗಿನಿಂದ ಎಳೆಯುತ್ತದೆ, ಟ್ಯಾಂಕಿನಿಂದ ಕೊಳವೆಯ ಮೂಲಕ ಇಂಕು ರಭಸವಾಗಿ ಹರಿದು ರಂಧ್ರದ ಕಸವನ್ನು ತಳ್ಳಿಕೊಂಡು ಹೊರಬರುತ್ತದೆ. ಹಾಗೆ ಎಳೆದ ಇಂಕು ಯಂತ್ರದ ತಳದಲ್ಲಿರುವ ಹೀರುಪ್ಯಾಡ್ ಸೇರುತ್ತದೆ. ಟ್ಯಾಂಕಿನಲ್ಲಿ ಇಂಕಿದ್ದರೆ ಸರಿ. ಇಲ್ಲದಿದ್ದರೆ? ಪಂಪು ತನ್ನ ಕೆಲಸ ಬಿಡುವುದಿಲ್ಲ, ಗಾಳಿಯನ್ನೇ ಎಳೆಯುತ್ತದೆ.

ಬರಿದಾದ ಟ್ಯಾಂಕನ್ನು ಗುರುತಿಸಲು ಜಾಣತನ ಬೇಕಿಲ್ಲ, ಕಣ್ಣು ಸಾಕು. ಟ್ಯಾಂಕಿನ ಪಾರದರ್ಶಕ ಗೋಡೆಯ ಮೇಲೆ ಕನಿಷ್ಠ ಮಟ್ಟದ ಗೆರೆ ಇರುತ್ತದೆ. ಇಂಕು ಅದಕ್ಕಿಂತ ಕೆಳಗಿದ್ದರೆ ಮುದ್ರಿಸಬಾರದು. ಕಂಪ್ಯೂಟರ್ ಪರದೆ ತೋರಿಸುವ ಮಟ್ಟವನ್ನು ನಂಬಿ ಕೂರುವಂತಿಲ್ಲ. ಹಲವು ಟ್ಯಾಂಕ್ ಮಾದರಿಗಳಲ್ಲಿ ಅದು ಅಳತೆಯಲ್ಲ, ಎಷ್ಟು ಹನಿ ಚಿಮ್ಮಿಸಿತು ಎಂಬ ಲೆಕ್ಕದ ಅಂದಾಜು. ಹಳೆಯ ಕೆಲವು ಎಪ್ಸನ್ ಮಾದರಿಗಳ ಪಕ್ಕದಲ್ಲಿ ಸಾಗಣೆಗೆಂದು ಇಟ್ಟ ತಿರುಪು ಬೀಗವೊಂದಿದೆ. ಅಂಗಡಿ ಬದಲಿಸಿದಾಗ ಅದನ್ನು ಮುಚ್ಚಿ ತೆರೆಯಲು ಮರೆತರೆ ತುಂಬಿದ ಟ್ಯಾಂಕೂ ಬರಿದಾದಂತೆಯೇ ವರ್ತಿಸುತ್ತದೆ.

ಮೂರನೆಯದು ಗಾಳಿ. ಮೋಸ ಮಾಡುವುದು ಇದೇ. ತುಂಬಿದ ಟ್ಯಾಂಕು ಕಣ್ಣೆದುರಿಗಿರುತ್ತದೆ, ಆದರೂ ಬಣ್ಣ ಬರುವುದಿಲ್ಲ. ಟ್ಯಾಂಕಿನಿಂದ ಹೆಡ್‌ಗೆ ಹೋಗುವ ತೆಳುವಾದ ಕೊಳವೆಯಲ್ಲಿ ಇಂಕಿನ ಸಾಲು ಎಲ್ಲೂ ಕಡಿಯಬಾರದು. ನಡುವೆ ಗಾಳಿ ಕೂತರೆ ಎಳೆತ ಅಲ್ಲಿಗೇ ತುಂಡಾಗುತ್ತದೆ. ಗುಳ್ಳೆ ಹೆಡ್‌ನ ಒಳಗೇ ಹೊಕ್ಕರೆ ತೊಂದರೆ ಇನ್ನೂ ಸೂಕ್ಷ್ಮ. ಎಪ್ಸನ್ ಹೆಡ್‌ಗಳಲ್ಲಿ ವಿದ್ಯುತ್ ಹರಿದಾಗ ಬಾಗುವ ಪೀಜೋ ಪದರವೊಂದು ಇಂಕನ್ನು ಒತ್ತಿ ಹನಿಯಾಗಿ ಚಿಮ್ಮಿಸುತ್ತದೆ. ದ್ರವವನ್ನು ಒತ್ತಿದರೆ ಅದು ಜಾಗ ಬಿಡುತ್ತದೆ, ಗಾಳಿಯನ್ನು ಒತ್ತಿದರೆ ಅದು ಕುಗ್ಗುತ್ತದೆ ಅಷ್ಟೇ. ಒತ್ತಡವನ್ನೆಲ್ಲ ಗುಳ್ಳೆಯೇ ನುಂಗಿಬಿಡುತ್ತದೆ. ಕ್ಯಾನನ್ ಮತ್ತು ಎಚ್‌ಪಿ ಯಂತ್ರಗಳಲ್ಲಿ ಹನಿ ಚಿಮ್ಮುವುದು ಶಾಖದಿಂದ, ಇಂಕನ್ನು ಕ್ಷಣಮಾತ್ರ ಕುದಿಸಿ. 1977ರಲ್ಲಿ ಕ್ಯಾನನ್‌ನ ಸಂಶೋಧಕ ಇಚಿರೊ ಎಂಡೊ ಅವರಿಗೆ ಈ ದಾರಿ ಹೊಳೆದದ್ದು ಬಿಸಿ ಸೋಲ್ಡರಿಂಗ್ ಕಡ್ಡಿ ಇಂಕು ತುಂಬಿದ ಸಿರಿಂಜಿನ ಸೂಜಿಗೆ ತಾಗಿ ಹನಿ ಸಿಡಿದಾಗ. ಇಂಥ ಹೆಡ್‌ಗಳಿಗೆ ಗಾಳಿ ಇನ್ನಷ್ಟು ಅಪಾಯ. ಇಂಕೇ ಹೆಡ್ಡನ್ನು ತಂಪಾಗಿಡುವುದರಿಂದ ಒಣ ಓಟದಲ್ಲಿ ಅದು ಸುಟ್ಟುಹೋಗಬಹುದು.

ಗಾಳಿಯ ಗುರುತು ಕಟ್ಟುವಿಕೆಯ ಗುರುತಿಗೆ ತದ್ವಿರುದ್ಧ. ಎರಡು ಸಲ ನಾಝಲ್ ಚೆಕ್ ತೆಗೆದರೆ ಮೊದಲ ಹಾಳೆಯಲ್ಲಿ ಇಲ್ಲದ ಗೆರೆಗಳು ಎರಡನೆಯದರಲ್ಲಿ ಇರುತ್ತವೆ, ಅಲ್ಲಿ ಬೇರೆ ಗೆರೆಗಳು ಇರುವುದಿಲ್ಲ. ಗುಳ್ಳೆ ಓಡಾಡುತ್ತಿದೆ ಎಂದರ್ಥ. ಕೆಲವೊಮ್ಮೆ ಪುಟದ ಮೇಲ್ಭಾಗ ಚೆನ್ನಾಗಿ ಬಂದು ಕೆಳಗಿಳಿದಂತೆ ಬಣ್ಣ ಬಿಳಚಿಕೊಳ್ಳುತ್ತದೆ. ಕ್ಲೀನಿಂಗ್ ಮಾಡಿದಷ್ಟೂ ಪರಿಸ್ಥಿತಿ ಕೆಡುತ್ತಿದ್ದರೂ ಅನುಮಾನ ಗಾಳಿಯ ಮೇಲೆಯೇ ಬರಬೇಕು. ಒಂದು ಬಣ್ಣ ಪೂರ್ತಿ ಇಲ್ಲದಿದ್ದಾಗ ಸ್ಕ್ಯಾನರ್ ಭಾಗವನ್ನು ಮೇಲೆತ್ತಿ ಕೊಳವೆಗಳ ಪಟ್ಟಿಯನ್ನು ಟಾರ್ಚ್ ಹಾಕಿ ನೋಡಿದರೆ, ಬಣ್ಣದ ಸಾಲಿನ ನಡುವೆ ಖಾಲಿ ತುಂಡುಗಳು ಕಂಡರೂ ಕಂಡಾವು.

ನಮ್ಮ ಅಂಗಡಿಯಲ್ಲಿ ಆದದ್ದೂ ಇದೇ. ಮಾಲೀಕರು ಕೊನೆಗೆ ಹುಡುಗನ ಕೈ ತಡೆದು ನಾಝಲ್ ಚೆಕ್ ತೆಗೆಸಿದರು. ಕಪ್ಪು, ಸಯಾನ್, ಹಳದಿ ಪೂರ್ತಿ. ಮಜೆಂಟಾ ಜಾಗದಲ್ಲಿ ಒಂದೇ ಒಂದು ಗೆರೆಯೂ ಇಲ್ಲ. 59 ರಂಧ್ರಗಳಂಥ ಸಾಲೊಂದು ಸಂಜೆ ಸರಿಯಿದ್ದು ಬೆಳಿಗ್ಗೆಗೆ ಪೂರ್ತಿ ಒಣಗಲಾರದು. ಟ್ಯಾಂಕು ನೋಡಿದರೆ ಮಜೆಂಟಾ ಅಂಚಿನವರೆಗೂ ತುಂಬಿದೆ. ‘ಯಾವಾಗ ಹಾಕ್ದೆ ಇದನ್ನ?’ ‘ಇವತ್ತು ಬೆಳಿಗ್ಗೆ ಅಣ್ಣ. ನಿನ್ನೆ ಪೋಸ್ಟರ್ ಹೊಡೀತಾ ಹೊಡೀತಾ ಪೂರಾ ಖಾಲಿಯಾಗಿತ್ತು.’ ಕಥೆ ಅಲ್ಲಿಗೆ ಮುಗಿಯಿತು. ಗೆರೆಯ ಕೆಳಗಿಳಿದ ಮೇಲೂ ಪೋಸ್ಟರ್ ಹೊಡೆದಾಗ ಕೊಳವೆಗೆ ಗಾಳಿ ಹೊಕ್ಕಿತ್ತು. ಬೆಳಿಗ್ಗೆ ಮೇಲೆ ಸುರಿದ ಇಂಕಿಗೂ ಹೆಡ್‌ಗೂ ನಡುವೆ ಆ ಗಾಳಿ ಕೂತಿತ್ತು. ಒಂದರ ಹಿಂದೊಂದು ಕ್ಲೀನಿಂಗ್ ಅದನ್ನು ಹೊರಹಾಕುವ ಬದಲು ಸಣ್ಣ ಸಣ್ಣ ಗುಳ್ಳೆಗಳಾಗಿ ಒಡೆದು ಹೆಡ್‌ವರೆಗೂ ಹಬ್ಬಿಸಿತ್ತು.

ಇದಕ್ಕೆ ಮೊದಲ ಚಿಕಿತ್ಸೆ ಸುಮ್ಮನಿರುವುದು. ಗಿರಾಕಿ ಎದುರಿಗೆ ನಿಂತಿರುವಾಗ ಯಾರಿಗೂ ರುಚಿಸದ ಚಿಕಿತ್ಸೆ, ಆದರೂ ನಿಜ. ಎಪ್ಸನ್ L3110ರ ಕೈಪಿಡಿಯೂ ಮೂರು ಸಲ ಚೆಕ್, ಕ್ಲೀನಿಂಗ್ ಮಾಡಿ ಸರಿಯಾಗದಿದ್ದರೆ ಕನಿಷ್ಠ 12 ಗಂಟೆ ಏನನ್ನೂ ಮುದ್ರಿಸದೆ ಬಿಡಲು ಹೇಳುತ್ತದೆ. ಅಷ್ಟು ಹೊತ್ತಿನಲ್ಲಿ ಸಣ್ಣ ಗುಳ್ಳೆಗಳು ಇಂಕಿನಲ್ಲಿ ಕರಗುತ್ತವೆ ಅಥವಾ ಒಂದಾಗಿ ಮೇಲೇರುತ್ತವೆ, ಒಣಗಿದ ಇಂಕಿದ್ದರೆ ಅದೂ ನೆನೆಯುತ್ತದೆ. ಆಮೇಲೆ ಮತ್ತೆ ಚೆಕ್, ಬೇಕಿದ್ದರೆ ಕ್ಲೀನಿಂಗ್. ಅದಕ್ಕೂ ಬಗ್ಗದಿದ್ದರೆ Power Cleaning. ಇದು ಕೊಳವೆಯ ಇಂಕನ್ನೇ ಪೂರ್ತಿ ಬದಲಿಸುವಷ್ಟು ಜೋರಾಗಿ ಎಳೆಯುತ್ತದೆ. ಆದ್ದರಿಂದ ನಾಲ್ಕೂ ಟ್ಯಾಂಕುಗಳು ಕನಿಷ್ಠ ಮೂರನೇ ಒಂದು ಭಾಗ ತುಂಬಿರಲೇಬೇಕು. ಇಲ್ಲದಿದ್ದರೆ ಮಜೆಂಟಾ ಗಾಳಿ ತೆಗೆಯಲು ಹೋಗಿ ಹಳದಿಗೂ ಗಾಳಿ ತುಂಬಿದಂತಾದೀತು. ಒಂದು Power Cleaning ಆದ ಮೇಲೆ ಇನ್ನೊಂದಕ್ಕೂ 12 ಗಂಟೆ ಕಾಯಬೇಕು. ಸಿರಿಂಜ್ ಹಚ್ಚಿ ಕೈಯಿಂದಲೇ ಇಂಕು ತಳ್ಳುವವರೂ ಇದ್ದಾರೆ. ಕೈಯ ಒತ್ತಡ ಹೆಚ್ಚಾದರೆ ಹೆಡ್‌ನ ಒಳಗಿನ ಅಂಟು ಬಿಟ್ಟು ಒಂದು ಬಣ್ಣ ಇನ್ನೊಂದಕ್ಕೆ ಸೋರುತ್ತದೆ. ಹಾಗಾದರೆ ಹೆಡ್ ಬದಲಿಸದೆ ದಾರಿಯಿಲ್ಲ.

ಅಂಗಡಿಯವರು ಆ ರಾತ್ರಿ ಪ್ರಿಂಟರನ್ನು ಅದರ ಗುಂಡಿಯಿಂದಲೇ ಆರಿಸಿ ಮನೆಗೆ ಹೋದರು. ಮರುದಿನದ ಮೊದಲ ಹಾಳೆಯಲ್ಲಿ ಮಜೆಂಟಾದ ಅರ್ಧದಷ್ಟು ಗೆರೆಗಳು ಮರಳಿದ್ದವು. ಒಂದು ಕ್ಲೀನಿಂಗ್ ಆದ ಮೇಲೆ ಎರಡನ್ನು ಬಿಟ್ಟು ಉಳಿದವೆಲ್ಲ ಬಂದವು. ಬಾವುಟದ ಕೆಳಗಿನ ಅರ್ಧ ಕೆಂಪಾಯಿತು. ಹಿಂದಿನ ದಿನದ ಆರು ಕ್ಲೀನಿಂಗ್‌ಗಳ ಇಂಕು ಮಾತ್ರ ತಳದ ಪ್ಯಾಡಿನಲ್ಲಿ ಉಳಿದಿದೆ. ಆ ಪ್ಯಾಡಿಗೂ ಯಂತ್ರ ಲೆಕ್ಕ ಇಟ್ಟಿರುತ್ತದೆ. ಲೆಕ್ಕ ತುಂಬಿದ ದಿನ ಪ್ಯಾಡ್ ಬದಲಿಸುವವರೆಗೆ ಅದು ಒಂದು ಹಾಳೆಯನ್ನೂ ಮುದ್ರಿಸುವುದಿಲ್ಲ.