ಹಚ್ಚೆಯ ಅಕ್ಷರಕ್ಕೆ ಬೇಕಾದ ಬಯಲು

ಹಚ್ಚೆಯ ಶಾಯಿ ನಿಲ್ಲುವುದು ಮೇಲ್ಚರ್ಮದ ಕೆಳಗಿನ ಒಳಪದರದಲ್ಲಿ. ಅಲ್ಲಿನ ರೋಗನಿರೋಧಕ ಕೋಶಗಳು ಅದರ ಕಣಗಳನ್ನು ನುಂಗಿ ಹಿಡಿದಿಡುತ್ತವೆ. ಆ ಕೋಶಗಳು ಸತ್ತಾಗ ಹೊಸವು ಕಣಗಳನ್ನು ಮತ್ತೆ ನುಂಗುತ್ತವೆ. ಹೀಗೆ ಕೈ ಬದಲಾಗುತ್ತ ವರ್ಷಗಳು ಕಳೆದಂತೆ ಗೆರೆಯ ಅಂಚು ಮಸುಕಾಗಿ ಅಗಲವಾಗುತ್ತದೆ.

ಕನ್ನಡ ಲಿಪಿಯಲ್ಲಿ ಇದರ ಪೆಟ್ಟು ಬೀಳುವುದು ಅಕ್ಷರದೊಳಗಿನ ಸಣ್ಣ ಜಾಗಗಳಿಗೆ. ‘ರಾಧಾ’ ಎಂದು ಬರೆಸಿದರೆ ‘ಧ’ವನ್ನು ‘ದ’ದಿಂದ ಬೇರ್ಪಡಿಸುವುದು ಕೆಳಗಿನ ಪುಟ್ಟ ಸೀಳು ಮಾತ್ರ. ಅದರ ಪಕ್ಕದ ಬಿಡುವು ಅರ್ಧ ಮಿಲಿಮೀಟರ್ ಇದ್ದು, ಎರಡೂ ಕಡೆಯ ಗೆರೆಗಳು ಕಾಲು ಮಿಲಿಮೀಟರ್‌ನಷ್ಟು ಹರಡಿದರೆ ಬಿಡುವು ಮುಚ್ಚಿ, ಹೆಸರು ‘ರಾದಾ’ ಆಗುತ್ತದೆ! ಬಿಡುವು ಒಂದೂವರೆ ಮಿಲಿಮೀಟರ್ ಇದ್ದರೆ ಅಷ್ಟೇ ಹರಡಿದ ಮೇಲೂ ಒಂದು ಮಿಲಿಮೀಟರ್ ಉಳಿಯುತ್ತದೆ. ‘ಠ’ದ ಚುಕ್ಕೆಗೂ ಒತ್ತಕ್ಷರಗಳಿಗೂ ಇದೇ ಲೆಕ್ಕ.

ಗೆರೆಯನ್ನು ಕೂದಲಿನಷ್ಟು ತೆಳುವಾಗಿಸುವುದು ಪರಿಹಾರವಲ್ಲ. ಅಂಥದ್ದು ಅಲ್ಲಲ್ಲಿ ಮಾಸಿ ತುಂಡಾಗುತ್ತದೆ. ಅಕ್ಷರವನ್ನೇ ದೊಡ್ಡದಾಗಿಸುವುದು ಮೇಲು. ಬೆರಳಿಗಿಂತ ಮುಂಗೈಯ ಒಳಭಾಗ ಒಳ್ಳೆಯದು, ಅಲ್ಲಿ ಉಜ್ಜಾಟವೂ ಬಿಸಿಲೂ ಕಡಿಮೆ.

ವಿನ್ಯಾಸವನ್ನು ನಿಜ ಅಳತೆಯಲ್ಲಿ ಮುದ್ರಿಸಿ, ದಪ್ಪ ಪೆನ್ನಿನಿಂದ ಪ್ರತಿ ಗೆರೆಯ ಮೇಲೆ ತಿದ್ದಿ ನೋಡಬೇಕು. ಸೀಳು ಕಾಣದಿದ್ದರೆ ಆ ಅಳತೆ ಸಾಲದು.