ಸಿರೋಸಿಸ್ ರೋಗಿಯ ಆರು ತಿಂಗಳ ಲೆಕ್ಕ

ನಿಮ್ಮ ಮನೆಯಲ್ಲಿ ಯಾರಿಗಾದರೂ ಲಿವರ್ ಸಿರೋಸಿಸ್ ಇದೆಯೆಂದು ವೈದ್ಯರು ಹೇಳಿದ್ದಾರೆಯೇ? ಹಾಗಿದ್ದರೆ ಅವರ ಫೈಲನ್ನೊಮ್ಮೆ ತೆರೆದು ನೋಡಿ. ಕೊನೆಯ ಸಲ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದ ತಾರೀಕು ಯಾವುದು? ಆರು ತಿಂಗಳು ದಾಟಿದ್ದರೆ ಈ ಲೇಖನ ನಿಮಗಾಗಿಯೇ.

‘ನಮ್ಮಲ್ಲಿ ಯಾರೂ ಮದ್ಯ ಮುಟ್ಟಿದವರಲ್ಲ, ನಮಗೆಲ್ಲಿಂದ ಸಿರೋಸಿಸ್?’ ಎಂದು ಕೇಳುವವರಿದ್ದಾರೆ. ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳಿಂದ ಅದು ಬರುತ್ತದೆ. ಸಕ್ಕರೆ ಕಾಯಿಲೆ, ಬೊಜ್ಜಿನ ಜೊತೆಗೆ ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡವರಿಗೂ ಬರುತ್ತದೆ. ಜನ ಏನೆಂದುಕೊಳ್ಳುತ್ತಾರೋ ಎಂಬ ಅಂಜಿಕೆಯಿಂದ ಕಾಯಿಲೆಯ ಹೆಸರನ್ನೇ ಬಚ್ಚಿಡುವ ಕುಟುಂಬಗಳಿವೆ. ಹೆಸರು ಬಚ್ಚಿಟ್ಟಲ್ಲಿ ತಪಾಸಣೆಯೂ ತಪ್ಪಿಹೋಗುತ್ತದೆ.

ಸಿರೋಸಿಸ್ ಎಂದರೆ ಲಿವರ್ ವರ್ಷಗಟ್ಟಲೆ ಗಾಯಗೊಂಡು, ಮಾಯ್ದು, ಮತ್ತೆ ಗಾಯಗೊಂಡು ಗಟ್ಟಿಯಾಗಿರುವುದು. ಮಾಯುವಾಗಲೆಲ್ಲ ಹೊಸ ಜೀವಕೋಶಗಳು ಹುಟ್ಟಬೇಕು. ಹೀಗೆ ಬಿಡುವಿಲ್ಲದೆ ಹುಟ್ಟುವ ಕೋಶಗಳಲ್ಲಿ ಯಾವುದೋ ಒಂದು ದಾರಿ ತಪ್ಪಿದರೆ ಅಲ್ಲಿ ಕ್ಯಾನ್ಸರ್ ಗಂಟು ಮೊಳೆಯುತ್ತದೆ. ಲಿವರ್ ಕೋಶಗಳಲ್ಲೇ ಹುಟ್ಟುವ ಈ ಕ್ಯಾನ್ಸರನ್ನು ವೈದ್ಯರು ಹೆಪಟೋಸೆಲ್ಯುಲರ್ ಕಾರ್ಸಿನೋಮಾ ಎನ್ನುತ್ತಾರೆ. ಸಣ್ಣದಿರುವಾಗ ಅದು ನೋಯುವುದಿಲ್ಲ, ಹಸಿವು ಕೆಡಿಸುವುದಿಲ್ಲ, ಕಾಮಾಲೆ ತರುವುದಿಲ್ಲ. ನೋವು ಬಂದ ಮೇಲೆ ತೋರಿಸೋಣ ಎಂದು ಕಾದರೆ, ಅಷ್ಟರಲ್ಲಿ ಅದು ಗುಣಪಡಿಸುವ ಹಂತವನ್ನು ದಾಟಿರುವುದೇ ಹೆಚ್ಚು.

ಹಾಗಾದರೆ ಆರು ತಿಂಗಳೇ ಏಕೆ? ಒಂದು ಲೆಕ್ಕ ಹಾಕೋಣ. ಇಂಥ ಗಂಟಿನ ಗಾತ್ರ ಇಮ್ಮಡಿಯಾಗಲು ಸರಾಸರಿ ನಾಲ್ಕರಿಂದ ಆರು ತಿಂಗಳು ಬೇಕು. ಕೆಲವು ಇನ್ನೂ ಬೇಗ ಬೆಳೆಯುತ್ತವೆ, ಕೆಲವು ತೀರಾ ನಿಧಾನ. ಗಾತ್ರ ಇಮ್ಮಡಿಯಾದರೆ ಅಡ್ಡಳತೆ ಇಮ್ಮಡಿಯಾಗುವುದಿಲ್ಲ, ಸುಮಾರು ಕಾಲು ಪಾಲು ಮಾತ್ರ ಹೆಚ್ಚುತ್ತದೆ. ನಾಲ್ಕು ತಿಂಗಳಿಗೊಮ್ಮೆ ಇಮ್ಮಡಿಯಾಗುವ 2 ಸೆಂಟಿಮೀಟರಿನ ಗಂಟೊಂದು ಇಂದಿನ ಸ್ಕ್ಯಾನಿಂಗಿನಲ್ಲಿ ಕಣ್ಣಿಗೆ ಬೀಳದೆ ಹೋಯಿತು ಎಂದಿಟ್ಟುಕೊಳ್ಳಿ. ಆರು ತಿಂಗಳ ನಂತರ ಅದು 2.8 ಸೆಂಟಿಮೀಟರ್. ಒಂದು ವರ್ಷ ಬಿಟ್ಟು ನೋಡಿದರೆ 4 ಸೆಂಟಿಮೀಟರ್. ಸೂಜಿ ಹಾಯಿಸಿ ಶಾಖದಿಂದ ಗಂಟನ್ನು ಸುಟ್ಟುಹಾಕುವ ಚಿಕಿತ್ಸೆ ಚೆನ್ನಾಗಿ ಫಲಿಸುವುದು ಸುಮಾರು 3 ಸೆಂಟಿಮೀಟರಿನವರೆಗೆ. ಆರು ತಿಂಗಳಿಗೂ ವರ್ಷಕ್ಕೂ ಇರುವ ವ್ಯತ್ಯಾಸ ಇದೇ. ಮೂರು ತಿಂಗಳಿಗೊಮ್ಮೆ ನೋಡಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಫ್ರಾನ್ಸಿನ ವೈದ್ಯರು ಪರೀಕ್ಷಿಸಿ ನೋಡಿದರು. ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ಈ ತಪಾಸಣೆಯಲ್ಲಿ ಎರಡು ಪರೀಕ್ಷೆಗಳಿವೆ. ಮೊದಲನೆಯದು ಅಲ್ಟ್ರಾಸೌಂಡ್. ಇದರಲ್ಲಿ ಸೂಜಿಯಿಲ್ಲ, ವಿಕಿರಣವಿಲ್ಲ. ಆರು ಗಂಟೆ ಹೊಟ್ಟೆ ಖಾಲಿಯಿದ್ದರೆ ಸಾಕು. ತಾರೀಕು ರಂಝಾನಿನಲ್ಲಿ ಬಿದ್ದರೆ ‘ಈದ್ ಕಳೆಯಲಿ’ ಎಂದು ಮುಂದೂಡುವವರು ಬಹಳ. ಉಪವಾಸ ಹಿಡಿದವರ ಹೊಟ್ಟೆ ಹೇಗೂ ಖಾಲಿಯಿರುತ್ತದೆ, ಮಧ್ಯಾಹ್ನ ಹೋಗಿ ಬರಬಹುದು. (ಸಿರೋಸಿಸ್ ಇದ್ದವರು ಉಪವಾಸ ಹಿಡಿಯಬಹುದೇ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ನಿಮ್ಮ ಲಿವರ್ ವೈದ್ಯರಲ್ಲಿ ಮೊದಲೇ ಕೇಳಿಕೊಳ್ಳಿ.)

ಆದರೆ ಅಲ್ಟ್ರಾಸೌಂಡಿಗೆ ಎಲ್ಲವೂ ಕಾಣುವುದಿಲ್ಲ. ಸಿರೋಸಿಸ್ ಆದ ಲಿವರೇ ಗಂಟುಗಂಟಾಗಿರುತ್ತದೆ, ಅದರೊಳಗೆ ಕೆಟ್ಟ ಗಂಟೊಂದನ್ನು ಹುಡುಕಬೇಕು. ಹೊಟ್ಟೆಯ ಕೊಬ್ಬು, ಕರುಳಿನ ಗಾಳಿ, ಪಕ್ಕೆಲುಬು, ಇವೆಲ್ಲ ನೋಟಕ್ಕೆ ಅಡ್ಡ ಬರುತ್ತವೆ. ವಪೆಯ ಕೆಳಗೆ ಅಡಗಿದ ಲಿವರಿನ ಮೇಲ್ಭಾಗ ಕಾಣುವುದು ಇನ್ನೂ ಕಷ್ಟ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆರಂಭದ ಹಂತದ ಕ್ಯಾನ್ಸರುಗಳಲ್ಲಿ ಅಲ್ಟ್ರಾಸೌಂಡ್ ಒಂದೇ ಹಿಡಿದದ್ದು ನೂರಕ್ಕೆ 45ರಷ್ಟು. ರಕ್ತಪರೀಕ್ಷೆಯೂ ಜೊತೆಗೂಡಿದಾಗ ಅದು 63ಕ್ಕೆ ಏರಿತು. ಆದ್ದರಿಂದ ವರದಿಯಲ್ಲಿ ‘ಗಂಟಿಲ್ಲ’ ಎಂಬ ಸಾಲನ್ನಷ್ಟೇ ಓದಿ ಮಡಚಿಡಬೇಡಿ. ಲಿವರ್ ಎಷ್ಟು ಚೆನ್ನಾಗಿ ಕಂಡಿತು ಎಂದು ಬರೆದಿದ್ದಾರೆಯೇ ನೋಡಿ, ಇಲ್ಲದಿದ್ದರೆ ಕೇಳಿ. ಬಹುಭಾಗ ಕಾಣಲೇ ಇಲ್ಲವೆಂದಾದರೆ ಆ ವರದಿ ಧೈರ್ಯ ತಂದುಕೊಳ್ಳುವಂಥದ್ದಲ್ಲ. ಅಂಥವರಿಗೆ ಸಿ.ಟಿ. ಅಥವಾ ಎಂ.ಆರ್.ಐ. ಬೇಕೇ ಎಂದು ವೈದ್ಯರು ಯೋಚಿಸಬೇಕಾಗುತ್ತದೆ.

ಎರಡನೆಯದು ರಕ್ತದಲ್ಲಿ ಆಲ್ಫಾ ಫೀಟೋಪ್ರೋಟೀನ್ ಎಷ್ಟಿದೆ ಎಂದು ನೋಡುವ ಪರೀಕ್ಷೆ. ಗರ್ಭದಲ್ಲಿರುವ ಮಗುವಿನ ಲಿವರ್ ತಯಾರಿಸುವ ಪ್ರೋಟೀನ್ ಇದು. ಹುಟ್ಟಿದ ಮೇಲೆ ಕ್ರಮೇಣ ಇಳಿದು, ದೊಡ್ಡವರಲ್ಲಿ ತೀರಾ ಕಡಿಮೆ ಇರುತ್ತದೆ. ಕ್ಯಾನ್ಸರ್ ಕೋಶಗಳು ಅದನ್ನು ಮತ್ತೆ ತಯಾರಿಸಲು ತೊಡಗಬಹುದು. ‘ಬಹುದು’ ಎಂಬ ಮಾತನ್ನು ಗಮನಿಸಿ. ಎಷ್ಟೋ ಲಿವರ್ ಕ್ಯಾನ್ಸರುಗಳಲ್ಲಿ ಈ ಸಂಖ್ಯೆ ಏರುವುದೇ ಇಲ್ಲ. ಇನ್ನೊಂದೆಡೆ, ಹೆಪಟೈಟಿಸ್ ಜೋರಾಗಿ ಲಿವರ್ ಊದಿಕೊಂಡಾಗಲೂ, ಗರ್ಭಿಣಿಯರಲ್ಲೂ ಅದು ಏರುತ್ತದೆ. ಹಾಗಾಗಿ ಒಂದೇ ಸಂಖ್ಯೆ ಕಂಡು ಕಂಗಾಲಾಗುವುದೂ ತಪ್ಪು, ನಿಶ್ಚಿಂತರಾಗುವುದೂ ತಪ್ಪು. ಮಿಲಿಲೀಟರಿಗೆ 20 ನ್ಯಾನೋಗ್ರಾಂ ಮುಟ್ಟಿದರೆ ಅಥವಾ ಪ್ರತಿ ಸಲವೂ ಮೇಲೇರುತ್ತಲೇ ಇದ್ದರೆ ಮುಂದಿನ ಪರೀಕ್ಷೆ ಬೇಕು. ಈ ಏರಿಕೆ ಗೊತ್ತಾಗಬೇಕಾದರೆ ಹಳೆಯ ವರದಿಗಳು ಕೈಯಲ್ಲಿರಬೇಕು, ಸಾಧ್ಯವಾದಷ್ಟು ಒಂದೇ ಲ್ಯಾಬಿನವು.

ಇದೆಲ್ಲ ನಡೆಯುವ ರೀತಿಯನ್ನು ಒಂದು ಉದಾಹರಣೆಯಲ್ಲಿ ನೋಡಿ. 58 ವರ್ಷದ ಗೃಹಿಣಿಯೊಬ್ಬರನ್ನು ಊಹಿಸಿಕೊಳ್ಳಿ. ಹದಿನೈದು ವರ್ಷದ ಸಕ್ಕರೆ ಕಾಯಿಲೆ, ಕೊಬ್ಬಿನ ಲಿವರಿನಿಂದ ಬಂದ ಸಿರೋಸಿಸ್. ಜನವರಿಯಲ್ಲಿ ಸ್ಕ್ಯಾನಿಂಗ್ ಸರಿ, ರಕ್ತದ ಸಂಖ್ಯೆ 6. ಜುಲೈಯಲ್ಲಿ ಲಿವರಿನ ಬಲಭಾಗದಲ್ಲಿ 9 ಮಿಲಿಮೀಟರಿನ ಗಂಟು, ಸಂಖ್ಯೆ 11. ಒಂದು ಸೆಂಟಿಮೀಟರಿಗಿಂತ ಸಣ್ಣ ಗಂಟಿನ ಗುಣ ಸಿ.ಟಿ.ಯಲ್ಲೂ ಸ್ಪಷ್ಟವಾಗುವುದು ಕಷ್ಟ. ಅದಕ್ಕೆ ವೈದ್ಯರು ಮೂರು ತಿಂಗಳಿಗೆ ಮತ್ತೆ ಕರೆಯುತ್ತಾರೆ. ಅನೇಕರು ತಪ್ಪಿಸಿಕೊಳ್ಳುವುದು ಇಲ್ಲಿಯೇ. ‘ಸಣ್ಣದಂತೆ, ಏನೂ ಔಷಧಿ ಕೊಡಲಿಲ್ಲ’ ಎಂದು ಮನೆಗೆ ಹೋದವರು ಮತ್ತೆ ಬರುವುದಿಲ್ಲ. ನಮ್ಮ ಗೃಹಿಣಿ ಅಕ್ಟೋಬರಿನಲ್ಲಿ ಬರುತ್ತಾರೆ. ಗಂಟು 12 ಮಿಲಿಮೀಟರ್, ಸಂಖ್ಯೆ 24. ಒಂದು ಸೆಂಟಿಮೀಟರ್ ದಾಟಿತು, ಆದ್ದರಿಂದ ಕಾಂಟ್ರಾಸ್ಟ್ ಔಷಧಿ ಚುಚ್ಚಿ ಸಿ.ಟಿ. ತೆಗೆಯುತ್ತಾರೆ. ಸಕ್ಕರೆ ಕಾಯಿಲೆ ಇರುವುದರಿಂದ ಮೊದಲು ಕಿಡ್ನಿಯ ಪರೀಕ್ಷೆ.

ಈ ಸಿ.ಟಿ.ಯ ಗುಟ್ಟು ರಕ್ತ ಹರಿಯುವ ದಾರಿಯಲ್ಲಿದೆ. ಲಿವರಿಗೆ ಬರುವ ರಕ್ತದ ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಪೋರ್ಟಲ್ ರಕ್ತನಾಳದ್ದು, ಉಳಿದ ಕಾಲು ಪಾಲು ಅಪಧಮನಿಯದ್ದು. ಕ್ಯಾನ್ಸರ್ ಗಂಟು ಮಾತ್ರ ಹೆಚ್ಚಾಗಿ ಅಪಧಮನಿಯಿಂದಲೇ ರಕ್ತ ಹೀರುತ್ತದೆ. ಔಷಧಿ ಅಪಧಮನಿಯಲ್ಲಿ ಬಂದ ಗಳಿಗೆಯಲ್ಲಿ ಗಂಟು ಬೆಳ್ಳಗೆ ಹೊಳೆಯುತ್ತದೆ, ಸ್ವಲ್ಪ ಹೊತ್ತಿಗೆ ಸುತ್ತಲಿನ ಲಿವರ್ ಬೆಳಗುವಾಗ ಅದು ಕಪ್ಪಾಗಿ ಉಳಿಯುತ್ತದೆ. ಸಿರೋಸಿಸ್ ಇದ್ದವರಲ್ಲಿ ಈ ಚಿತ್ರ ಸ್ಪಷ್ಟವಾಗಿದ್ದರೆ ಸಾಮಾನ್ಯವಾಗಿ ತುಂಡು ತೆಗೆದು ಬಯಾಪ್ಸಿ ಮಾಡುವ ಅಗತ್ಯವೂ ಇರುವುದಿಲ್ಲ. ಈಕೆಯ ಗಂಟು ಹಾಗೆಯೇ ಕಂಡಿತು. ಒಂದೇ ಗಂಟು, ಸಣ್ಣದು. ಮೈಕ್ರೋವೇವ್ ಸೂಜಿಯಿಂದ ಸುಟ್ಟರು, ಒಂದು ತಿಂಗಳ ನಂತರ ಸಿ.ಟಿ. ತೆಗೆದು ಜೀವವಿರುವ ಭಾಗ ಉಳಿದಿಲ್ಲವೆಂದು ನೋಡಿದರು. ಸಿರೋಸಿಸ್ ಅಲ್ಲೇ ಇರುವುದರಿಂದ ಬೇರೆ ಜಾಗದಲ್ಲಿ ಹೊಸ ಗಂಟು ಹುಟ್ಟಬಹುದು, ತಪಾಸಣೆ ಮುಂದುವರಿಯುತ್ತದೆ.

ಚೀನಾದ ಶಾಂಘೈಯಲ್ಲಿ 1990ರ ದಶಕದಲ್ಲಿ ಹೆಪಟೈಟಿಸ್ ಬಿ ಸೋಂಕಿಗೊಳಗಾದ ಸುಮಾರು 19,000 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರು ತಿಂಗಳಿಗೊಮ್ಮೆ ಈ ಎರಡೂ ಪರೀಕ್ಷೆಗಳನ್ನು ಮಾಡಿದರು. ಕರೆದಾಗಲೆಲ್ಲ ಎಲ್ಲರೂ ಬರಲಿಲ್ಲ, ಹಾಜರಿ 60 ಶೇಕಡಾಕ್ಕೂ ಕಡಿಮೆ. ಆದರೂ ಆ ಗುಂಪಿನಲ್ಲಿ ಲಿವರ್ ಕ್ಯಾನ್ಸರಿನಿಂದಾದ ಸಾವು 37 ಶೇಕಡಾ ಕಡಿಮೆಯಿತ್ತು. ಅವರೆಲ್ಲ ಸಿರೋಸಿಸ್ ರೋಗಿಗಳಾಗಿರಲಿಲ್ಲ ಎಂಬುದನ್ನೂ ಹೇಳಬೇಕು.

ಹೆಪಟೈಟಿಸ್ ಸಿ ಮಾತ್ರೆಗಳಿಂದ ಪೂರ್ಣ ಹೋಯಿತು, ಇನ್ನೇಕೆ ಸ್ಕ್ಯಾನಿಂಗ್ ಎನ್ನುವವರಿಗೆ ಒಂದು ಮಾತು. ವೈರಸ್ ಹೋದರೆ ಅಪಾಯ ತಗ್ಗುತ್ತದೆ, ಆದರೆ ಅಷ್ಟರಲ್ಲಾಗಲೇ ಸಿರೋಸಿಸ್ ಆಗಿದ್ದರೆ ಅಪಾಯ ಅಳಿಯುವುದಿಲ್ಲ. ಹೆಪಟೈಟಿಸ್ ಬಿಗೆ ದಿನವೂ ಮಾತ್ರೆ ನುಂಗುವವರಿಗೂ ಇದೇ ಮಾತು. ಲಿವರ್ ತೀರಾ ಸೋತು, ಕಸಿಯೂ ಸಾಧ್ಯವಿಲ್ಲದವರಲ್ಲಿ ಮಾತ್ರ ಈ ಹುಡುಕಾಟದಿಂದ ಪ್ರಯೋಜನವಿಲ್ಲ. ಗಂಟು ಸಿಕ್ಕರೂ ಚಿಕಿತ್ಸೆ ತಾಳುವ ಶಕ್ತಿ ಅವರ ದೇಹಕ್ಕಿರುವುದಿಲ್ಲ. ಅಂಥವರನ್ನು ಸ್ಕ್ಯಾನಿಂಗ್ ಕೋಣೆಗೆ ಹೊತ್ತು ತಿರುಗುವುದಕ್ಕಿಂತ, ಹೊಟ್ಟೆಯ ನೀರು, ತುರಿಕೆ, ನಿದ್ದೆಗೇಡಿಗೆ ಏನು ಮಾಡಬಹುದೆಂದು ವೈದ್ಯರನ್ನು ಕೇಳುವುದು ಮೇಲು.